ಹಗಲಿಗೊಂದು, ರಾತ್ರಿಗೊಂದು ಚಿತ್ರ: ಟಿವಿಯ ಬೆಳಕಿನ ಸೆನ್ಸರನ್ನು ಪತ್ತೆಹಚ್ಚಿ ಹದಕ್ಕೆ ತರುವ ಸಮಗ್ರ ಮಾರ್ಗದರ್ಶಿ

ಮಧ್ಯಾಹ್ನ ಕುಳಿತು ಟಿವಿಯ ಚಿತ್ರವನ್ನು ಮನಸ್ಸಿಗೆ ಒಪ್ಪುವಂತೆ ಹೊಂದಿಸಿದವರು ರಾತ್ರಿ ಅದೇ ಟಿವಿಯಲ್ಲಿ ಸಿನಿಮಾ ನೋಡಲು ಕುಳಿತಾಗ ಚಿತ್ರ ಮಂಕಾಗಿರುತ್ತದೆ, ನೆರಳಿನ ಭಾಗಗಳೆಲ್ಲ ಕಪ್ಪು ಮುದ್ದೆಯಾಗಿರುತ್ತವೆ. ಮೆನು ತೆರೆದು ಹೊಳಪನ್ನು ಏರಿಸಿದರೆ ಮರುದಿನ ಮಧ್ಯಾಹ್ನ ಅದೇ ಚಿತ್ರ ಬಿಳಿಚಿಕೊಂಡು ಕಣ್ಣು ಕುಕ್ಕುತ್ತದೆ. ಈ ಹಗ್ಗಜಗ್ಗಾಟ ವಾರಗಟ್ಟಲೆ ನಡೆದ ಮೇಲೆ ಯಾರೋ ಹೇಳಿದರೆಂದು ‘ಆಟೋ ಬ್ರೈಟ್‌ನೆಸ್’ ಆಫ್ ಮಾಡುತ್ತಾರೆ. ಆದರೂ ಚಿತ್ರ ಬದಲಾಗುವುದು ನಿಲ್ಲುವುದಿಲ್ಲ.

ನಿಲ್ಲದಿರಲು ಕಾರಣವಿದೆ. ಪರದೆಯ ಹೊಳಪನ್ನು ಏರಿಳಿಸುವ ವ್ಯವಸ್ಥೆ ಒಂದೇ ಅಲ್ಲ. ಕೋಣೆಯ ಬೆಳಕನ್ನು ಅಳೆಯುವ ಸೆನ್ಸರ್ ಒಂದು. ಚಿತ್ರದಲ್ಲಿ ಎಷ್ಟು ಭಾಗ ಬೆಳ್ಳಗಿದೆ ಎಂದು ನೋಡಿ ಹೊಳಪನ್ನು ತಗ್ಗಿಸುವ ವ್ಯವಸ್ಥೆ ಇನ್ನೊಂದು. ಚಿತ್ರ ಅಲುಗಾಡದೆ ನಿಂತಾಗ ಪರದೆಯನ್ನು ಕಾಪಾಡಲು ಮಂಕು ಮಾಡುವುದು ಮತ್ತೊಂದು. ಇವುಗಳಲ್ಲಿ ಯಾವುದು ಕೆಲಸ ಮಾಡುತ್ತಿದೆ ಎಂದು ತಿಳಿಯುವ ಮೊದಲೇ ಕೈಗೆ ಸಿಕ್ಕ ಸ್ವಿಚ್ಚನ್ನು ಆಫ್ ಮಾಡುವುದೇ ಎಲ್ಲರೂ ಮಾಡುವ ತಪ್ಪು. ಆದ್ದರಿಂದ ಇಲ್ಲಿ ಮೊದಲು ಪತ್ತೆ, ಅನಂತರ ಆಫ್ ಮಾಡುವುದು, ಕೊನೆಗೆ ಹೊಂದಿಸುವುದು. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಇಡೀ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

## ಬೇಕಾಗುವ ಸಾಮಗ್ರಿ

ಒಂದು ಟಾರ್ಚ್, ಬೆಳಕು ತೂರದ ಕಪ್ಪು ಟೇಪು, ಒಂದು ಪೆನ್‌ಡ್ರೈವ್, ಬರೆದಿಡಲು ಹಾಳೆ, ಹಾಗೂ ಕ್ಯಾಮೆರಾದಲ್ಲಿ ‘ಪ್ರೋ’ ಅಥವಾ ‘ಮ್ಯಾನುಯಲ್’ ವಿಧಾನವಿರುವ ಒಂದು ಫೋನ್ ಸಾಕು. ಫೋನಿನಲ್ಲಿ ಐಎಸ್‌ಒ ಮತ್ತು ಶಟರ್ ವೇಗಗಳನ್ನು ಕೈಯಾರೆ ಹಿಡಿದಿಡಲು ಬರಬೇಕು. ಆಟೋ ವಿಧಾನದಲ್ಲಿ ತೆಗೆದ ಫೋಟೋ ಈ ಕೆಲಸಕ್ಕೆ ಬಾರದು, ಏಕೆಂದರೆ ಪರದೆ ಮಂಕಾದಷ್ಟೂ ಕ್ಯಾಮೆರಾ ತಾನೇ ಸರಿದೂಗಿಸಿಕೊಂಡು ಎರಡೂ ಹೊತ್ತಿನ ಚಿತ್ರವನ್ನು ಒಂದೇ ರೀತಿ ತೋರಿಸುತ್ತದೆ.

ಪೆನ್‌ಡ್ರೈವಿನಲ್ಲಿ ಇಡೀ ಪರದೆ ತುಂಬುವ ನಡುಮಟ್ಟದ ಬೂದು ಬಣ್ಣದ ಒಂದು ಚಿತ್ರವಿರಲಿ. ಚಿತ್ರ ಬಿಡಿಸುವ ಯಾವುದೇ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ 128 ಕೊಟ್ಟು ಅದನ್ನು ಮಾಡಬಹುದು. ಕಮಾಂಡ್ ಬಳಸುವವರಿಗೆ ಇಮೇಜ್‌ಮ್ಯಾಜಿಕ್‌ನಲ್ಲಿ ಒಂದೇ ಸಾಲು:

```
magick -size 1920x1080 xc:"rgb(128,128,128)" gray.png
```

## ಹಂತ 1: ಸೆನ್ಸರ್ ಎಲ್ಲಿದೆ ಎಂದು ಕಂಡುಹಿಡಿಯಿರಿ

ಹೆಚ್ಚಿನ ಟಿವಿಗಳಲ್ಲಿ ಬೆಳಕಿನ ಸೆನ್ಸರ್ ಪರದೆಯ ಕೆಳಅಂಚಿನಲ್ಲಿ, ರಿಮೋಟಿನ ಕಿರಣವನ್ನು ಹಿಡಿಯುವ ಚಿಕ್ಕ ಗಾಜಿನ ಕಿಂಡಿಯೊಳಗೇ ಇರುತ್ತದೆ. ಟಿವಿ ಆರಿಸಿ, ಟಾರ್ಚನ್ನು ಕೆಳಗಿನಿಂದ ಓರೆಯಾಗಿ ಹಿಡಿದು ಅಂಚಿನುದ್ದಕ್ಕೂ ಸರಿಸಿದರೆ ಬೆರಳುಗುರಿನಷ್ಟು ಅಗಲದ, ಸುತ್ತಲಿನ ಪ್ಲಾಸ್ಟಿಕ್‌ಗಿಂತ ತುಸು ಹೊಳೆಯುವ ಒಂದು ಜಾಗ ಕಾಣುತ್ತದೆ. ಕೆಲವು ಟಿವಿಗಳಲ್ಲಿ ಅದು ಕೆಳಅಂಚಿನಿಂದ ಇಳಿಬಿದ್ದ ಪುಟ್ಟ ಗುಬುಟಿನಂತೆ ಇರುತ್ತದೆ.

ಆ ಜಾಗಕ್ಕೆ ಏನಾದರೂ ಅಡ್ಡ ಇದೆಯೇ ಎಂದು ಈಗಲೇ ನೋಡಿ. ಟಿವಿಯ ಮುಂದೆ ಇಟ್ಟ ಸೌಂಡ್‌ಬಾರ್ ಎರಡು ಸೆಂಟಿಮೀಟರ್ ಎತ್ತರ ಹೆಚ್ಚಾದರೂ ಸಾಕು, ಸೆನ್ಸರ್ ಅದರ ಬೆನ್ನನ್ನೇ ನೋಡುತ್ತಾ ಕೋಣೆಯಲ್ಲಿ ಸದಾ ಕತ್ತಲೆಯಿದೆ ಎಂದುಕೊಳ್ಳುತ್ತದೆ. ರಿಮೋಟ್ ಕಿಂಡಿಯೂ ಸೆನ್ಸರೂ ಒಟ್ಟಿಗೇ ಇರುವುದರಿಂದ ಇದಕ್ಕೊಂದು ಮುನ್ಸೂಚನೆ ಸಿಗುತ್ತದೆ: ಟಿವಿ ಹಾಕಲು ರಿಮೋಟನ್ನು ತಲೆಯ ಮೇಲೆತ್ತಿ ಒತ್ತಬೇಕಾಗಿ ಬರುತ್ತಿದ್ದರೆ ಸೆನ್ಸರಿಗೂ ಅಡ್ಡವಿದೆ ಎಂದೇ ತಿಳಿಯಬೇಕು.

ಇನ್ನೊಂದು ಸಂಗತಿ. ಸೆನ್ಸರ್ ಅಳೆಯುವುದು ಪರದೆಯ ಮುಖದ ಮೇಲೆ ಬೀಳುವ ಬೆಳಕನ್ನು. ನೋಡುವವರ ಕಣ್ಣಿಗೆ ಟಿವಿಯ ಹಿಂದಿನ ಗೋಡೆಯಿಂದ ಬರುವ ಬೆಳಕು ಅದಕ್ಕೆ ಕಾಣುವುದೇ ಇಲ್ಲ. ಟಿವಿಯ ಹಿಂಬದಿಯಲ್ಲಿ ಕಿಟಕಿಯಿದ್ದರೆ ನಿಮ್ಮ ಕಣ್ಣು ಹಗಲಿಗೆ ಒಗ್ಗಿಕೊಂಡಿರುತ್ತದೆ, ಸೆನ್ಸರ್ ಮಾತ್ರ ನೆರಳಿನಲ್ಲಿರುತ್ತದೆ. ಅಂಥ ಕೋಣೆಯಲ್ಲಿ ಸೆನ್ಸರನ್ನು ಎಷ್ಟು ಹೊಂದಿಸಿದರೂ ಅದು ಸರಿಯಾದ ತೀರ್ಮಾನಕ್ಕೆ ಬರಲಾರದು, ಆದ್ದರಿಂದ ಅದನ್ನು ಆರಿಸುವುದೇ ಸರಿ.

## ಹಂತ 2: ಏರಿಳಿಸುತ್ತಿರುವುದು ಯಾವುದು ಎಂದು ಪರೀಕ್ಷಿಸಿ

ಪರೀಕ್ಷೆಯನ್ನು ಹಗಲಿನಲ್ಲಿ, ಕೋಣೆಯಲ್ಲಿ ಬೆಳಕಿದ್ದಾಗ, ಆದರೆ ಪರದೆಯ ಮೇಲೆ ನೇರ ಬಿಸಿಲು ಬೀಳದಿರುವಾಗ ಮಾಡಬೇಕು. ಬೂದು ಚಿತ್ರವನ್ನು ಹಾಕಿ, ಫೋನನ್ನು ಪರದೆಯ ಹತ್ತಿರ ತಂದು, ಬೂದು ಬಣ್ಣ ಚೌಕಟ್ಟನ್ನು ಪೂರ್ತಿ ತುಂಬುವಂತೆ ಹಿಡಿಯಿರಿ. ಫೋನು ಮತ್ತು ಕೈಯ ನೆರಳು ಸೆನ್ಸರಿನ ಮೇಲೆ ಬೀಳದಂತೆ ಪರದೆಯ ಮೇಲ್ಭಾಗದಲ್ಲಿ ಹಿಡಿಯುವುದು ಒಳ್ಳೆಯದು. ಐಎಸ್‌ಒವನ್ನು 100ಕ್ಕೆ ನಿಲ್ಲಿಸಿ, ಕ್ಯಾಮೆರಾದ ಮಾಪಕ ಸೊನ್ನೆ ತೋರಿಸುವವರೆಗೆ ಶಟರ್ ವೇಗವನ್ನು ಮಾತ್ರ ಬದಲಿಸಿ, ಆ ವೇಗವನ್ನು ಬರೆದಿಟ್ಟುಕೊಳ್ಳಿ. ಮೊದಲು 1/60 ಸೆಕೆಂಡ್ ಇದ್ದದ್ದು ಆಮೇಲೆ 1/30 ಆದರೆ ಪರದೆಯ ಹೊಳಪು ಅರ್ಧಕ್ಕೆ ಇಳಿದಿದೆ ಎಂದರ್ಥ. ಲೆಕ್ಕ ಇಷ್ಟು ಸರಳ.

ಈಗ ಕಪ್ಪು ಟೇಪಿನಿಂದ ಸೆನ್ಸರನ್ನು ಮುಚ್ಚಿ ಒಂದು ನಿಮಿಷ ಕಾಯಿರಿ. ಕಾಯುವುದು ಮುಖ್ಯ. ಮೋಡ ಸರಿದಾಗಲೆಲ್ಲ, ಯಾರಾದರೂ ಎದುರಿಗೆ ಹಾದುಹೋದಾಗಲೆಲ್ಲ ಚಿತ್ರ ಕುಣಿಯಬಾರದೆಂದು ತಯಾರಕರು ಬೇಕೆಂದೇ ವಿಳಂಬ ಇಟ್ಟಿರುತ್ತಾರೆ, ಹಾಗೂ ಹೊಳಪು ಏರುವುದಕ್ಕಿಂತ ಇಳಿಯುವುದು ಸಾಮಾನ್ಯವಾಗಿ ನಿಧಾನ. ಕೈಯಿಂದ ಮುಚ್ಚಿ ಐದು ಸೆಕೆಂಡ್ ನೋಡಿ ‘ನಮ್ಮ ಟಿವಿಯಲ್ಲಿ ಸೆನ್ಸರ್ ಇಲ್ಲ’ ಎಂದು ತೀರ್ಮಾನಿಸಿದವರು ಬಹಳ. ಒಂದು ನಿಮಿಷದ ನಂತರ ಮತ್ತೆ ಅಳೆದಾಗ ಶಟರ್ ವೇಗ ಬದಲಾಗಿದ್ದರೆ ಸೆನ್ಸರ್ ಕೆಲಸ ಮಾಡುತ್ತಿದೆ.

ಇಲ್ಲೊಂದು ಬಲೆಯಿದೆ. ಪ್ರತಿ ಬಿಂದುವೂ ತಾನೇ ಬೆಳಗುವ ಒಎಲ್‌ಇಡಿ ಪರದೆಗಳಲ್ಲಿ ಒಂದೇ ಚಿತ್ರ ಕೆಲವು ನಿಮಿಷ ಅಲುಗಾಡದೆ ನಿಂತರೆ ಅದರ ಅಚ್ಚು ಉಳಿಯದಿರಲೆಂದು ಟಿವಿ ತಾನಾಗಿ ಮಂಕಾಗತೊಡಗುತ್ತದೆ. ಇದಕ್ಕೂ ಸೆನ್ಸರಿಗೂ ಸಂಬಂಧವಿಲ್ಲ. ಆದ್ದರಿಂದ ಪ್ರತಿ ಅಳತೆಗೂ ಮೊದಲು ಚಿತ್ರದಿಂದ ಹೊರಬಂದು ಮತ್ತೆ ಒಳಹೋಗಿ; ರಿಮೋಟಿಗೆ ಟೇಪು ಅಡ್ಡವಾದರೆ ಅದನ್ನು ಅರೆಕ್ಷಣ ಎತ್ತಿ ಮತ್ತೆ ಮುಚ್ಚಿ. ಹಾಗೆ ಮಾಡಿದ ಕೂಡಲೇ ಹೊಳಪು ಮರಳಿದರೆ ನೀವು ಕಂಡದ್ದು ಈ ರಕ್ಷಣೆಯನ್ನು, ಸೆನ್ಸರಿನ ಕೆಲಸವನ್ನಲ್ಲ.

ಕೊನೆಗೆ ಒಂದು ಸಿನಿಮಾ ಹಾಕಿ, ಸೆನ್ಸರನ್ನು ಟೇಪಿನಿಂದ ಮುಚ್ಚಿಟ್ಟು, ಕತ್ತಲ ದೃಶ್ಯದಿಂದ ಬೆಳಗಿನ ದೃಶ್ಯಕ್ಕೆ ಬದಲಾಗುವ ಜಾಗ ನೋಡಿ. ಸೆನ್ಸರ್ ಮುಚ್ಚಿರುವುದರಿಂದ ಈಗ ಒಂದು ಕ್ಷಣ ತಡವಾಗಿ ಆಗುವ ಏರಿಳಿತವೆಲ್ಲ ಚಿತ್ರವನ್ನು ನೋಡಿ ನಡೆಯುವ ವ್ಯವಸ್ಥೆಯದ್ದು. ಅದನ್ನು ಹಂತ 3ರ ಸ್ವಿಚ್ಚುಗಳಿಂದ ಪೂರ್ತಿ ನಿಲ್ಲಿಸಲಾಗದು. ಒಎಲ್‌ಇಡಿಯಲ್ಲಂತೂ ಇಡೀ ಪರದೆ ಬೆಳ್ಳಗಾದಾಗ ವಿದ್ಯುತ್ತಿನ ಮಿತಿಯಿಂದಾಗಿ ಹೊಳಪು ತಗ್ಗಲೇಬೇಕು. ಪರೀಕ್ಷೆ ಮುಗಿದ ಮೇಲೆ ಟೇಪು ತೆಗೆಯಿರಿ. ಅದನ್ನು ಶಾಶ್ವತ ಪರಿಹಾರವಾಗಿ ಬಿಟ್ಟರೆ ರಿಮೋಟ್ ಕೆಲಸ ಮಾಡದೇ ಹೋಗಬಹುದು, ಜೊತೆಗೆ ಸೆನ್ಸರ್ ‘ನಡುರಾತ್ರಿ’ ಎಂದುಕೊಂಡು ಚಿತ್ರವನ್ನು ಕನಿಷ್ಠ ಮಟ್ಟದಲ್ಲೇ ಇಟ್ಟುಬಿಡುತ್ತದೆ.

## ಹಂತ 3: ಸರಿಯಾದ ಕ್ರಮದಲ್ಲಿ ಆಫ್ ಮಾಡಿ

ಮೊದಲು ವಿದ್ಯುತ್ ಉಳಿತಾಯದ ಸೆಟ್ಟಿಂಗ್, ಆಮೇಲೆ ಸೆನ್ಸರ್, ಕೊನೆಗೆ ಚಿತ್ರವನ್ನು ನೋಡಿ ಹೊಳಪು ಬದಲಿಸುವ ಸ್ವಿಚ್ಚುಗಳು. ಉಳಿತಾಯದ ಸೆಟ್ಟಿಂಗ್ ಜಾರಿಯಲ್ಲಿದ್ದಾಗ ಹೊಳಪಿನ ಸ್ಲೈಡರನ್ನು ಹಲವು ಟಿವಿಗಳು ಮುಟ್ಟಲೂ ಬಿಡುವುದಿಲ್ಲ, ಇಲ್ಲವೇ ನೀವು ಕೊಟ್ಟ ಅಂಕಿಯ ಮೇಲೆ ತಮ್ಮದೊಂದು ಕಡಿತವನ್ನು ಹಾಕುತ್ತವೆ.

ಅನೇಕ ಟಿವಿಗಳಲ್ಲಿ ಇವು ಚಿತ್ರದ ಮೆನುವಿನಲ್ಲಿ ಇಲ್ಲದಿರುವುದೇ ಜನ ಹುಡುಕಿ ಸೋಲಲು ಕಾರಣ. ಸ್ಯಾಮ್‌ಸಂಗ್‌ನ ಈಚಿನ ಟಿವಿಗಳಲ್ಲಿ `Power and Energy Saving` ಎಂಬಲ್ಲಿ `Brightness Optimization` ಎಂಬುದು ಸೆನ್ಸರಿನ ಸ್ವಿಚ್ಚು; ಅದರ ಪಕ್ಕದ `Motion Lighting` ಪರದೆಯ ಮೇಲಿನ ಚಲನೆ ನೋಡಿ ಹೊಳಪನ್ನು ಇಳಿಸುವಂಥದ್ದು. ಎಲ್‌ಜಿಯಲ್ಲಿ `Energy Saving` ಅಡಿಯ ಆಯ್ಕೆ `Auto` ಆಗಿದ್ದರೆ ಸೆನ್ಸರ್ ಕೆಲಸ ಮಾಡುತ್ತಿರುತ್ತದೆ, `Off` ಮಾಡಬೇಕು. `AI Brightness` ಎಂದು ಆರಂಭವಾಗುವ ಹೆಸರಿನ ಇನ್ನೊಂದು ಸ್ವಿಚ್ಚು ಬೇರೆ ಪುಟದಲ್ಲಿರುತ್ತದೆ. ಸೋನಿಯಲ್ಲಿ `Light sensor` ಎಂದೇ ಇರುತ್ತದೆ. ಮಾದರಿಯಿಂದ ಮಾದರಿಗೆ ಪುಟಗಳು ಬದಲಾಗುವುದರಿಂದ ದಾರಿಯನ್ನು ಬಾಯಿಪಾಠ ಮಾಡುವುದಕ್ಕಿಂತ `Energy`, `Eco`, `Light`, `Ambient`, `AI` ಎಂಬ ಪದಗಳನ್ನು ಹುಡುಕುವುದು ಲೇಸು.

ಒಂದೊಂದನ್ನೇ ಆಫ್ ಮಾಡಿ, ಪ್ರತಿ ಸಲವೂ ಟೇಪಿನ ಪರೀಕ್ಷೆಯನ್ನು ಮತ್ತೆ ಮಾಡಿ. ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿದರೆ ಸಮಸ್ಯೆ ಹೋದರೂ ಯಾವುದರಿಂದ ಹೋಯಿತು ಎಂದು ತಿಳಿಯುವುದಿಲ್ಲ.

ಅತಿ ಹೆಚ್ಚು ಮಂದಿ ಎಡವುವ ಜಾಗ ಇನ್ನು ಮುಂದಿದೆ. ಟಿವಿಯು ಚಿತ್ರದ ಅನೇಕ ಸೆಟ್ಟಿಂಗ್‌ಗಳನ್ನು ಪ್ರತಿ ಪಿಕ್ಚರ್ ಮೋಡ್‌ಗೂ, ಪ್ರತಿ ಇನ್‌ಪುಟ್‌ಗೂ, ಪ್ರತಿ ಬಗೆಯ ಸಿಗ್ನಲ್‌ಗೂ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳಬಹುದು. ಸಾಮಾನ್ಯ ಚಾನಲ್ ನೋಡುತ್ತಾ ಮಾಡಿದ ಬದಲಾವಣೆ, ಬೆಳಕು-ಕತ್ತಲಿನ ಹರವು ಹೆಚ್ಚಿರುವ ಎಚ್‌ಡಿಆರ್ ಸಿನಿಮಾಕ್ಕೆ ಅನ್ವಯಿಸದೇ ಇರಬಹುದು, ಎಚ್‌ಡಿಆರ್‌ನದೇ ಒಂದು ಬಗೆಯಾದ ಡಾಲ್ಬಿ ವಿಷನ್‌ಗೆ ಅದಕ್ಕಿಂತಲೂ ಬೇರೆ ಕಪಾಟು. ಆ ಸೆಟ್ಟಿಂಗ್ ಬದಲಿಸಬೇಕಾದರೆ ಅಂಥ ಸಿನಿಮಾವನ್ನು ಹಾಕಿ, ಅದು ಓಡುತ್ತಿರುವಾಗಲೇ ಮೆನು ತೆರೆಯಬೇಕು.

## ಹಂತ 4: ‘ಬ್ರೈಟ್‌ನೆಸ್’ ಎಂದರೆ ನಿಮ್ಮ ಟಿವಿಯಲ್ಲಿ ಏನೆಂದು ನೋಡಿಕೊಳ್ಳಿ

ಕೆಲವು ಟಿವಿಗಳಲ್ಲಿ `Brightness` ಎಂಬುದು ನಿಜವಾಗಿ ಕಪ್ಪಿನ ಮಟ್ಟವನ್ನು ಬದಲಿಸುತ್ತದೆ. ಪರದೆಯ ಬೆಳಕನ್ನು ಏರಿಸುವುದು `Backlight` ಅಥವಾ `OLED Pixel Brightness`. ಇನ್ನು ಕೆಲವುಗಳಲ್ಲಿ `Brightness` ಎಂದರೆ ಬೆಳಕೇ, ಕಪ್ಪಿನ ಮಟ್ಟಕ್ಕೆ `Black level` ಎಂಬ ಬೇರೆ ಹೆಸರಿದೆ. ರಾತ್ರಿ ಚಿತ್ರ ಮಂಕಾಗಿದೆ ಎಂದು ಕಪ್ಪಿನ ಮಟ್ಟವನ್ನು ಏರಿಸಿದವರಿಗೆ ಮರುದಿನ ಕಾಣುವುದು ಹೊಗೆ ಕವಿದಂಥ ಚಿತ್ರ.

ಗುರುತು ಹಿಡಿಯುವುದು ಕಷ್ಟವಲ್ಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಇರುವ ಸಿನಿಮಾವನ್ನು ಕತ್ತಲಲ್ಲಿ ನಿಲ್ಲಿಸಿ ಸ್ಲೈಡರನ್ನು ಪೂರ್ತಿ ಏರಿಸಿ. ಬಿಳಿಯ ಭಾಗ ಹಾಗೆಯೇ ಇದ್ದು ಕಪ್ಪು ಪಟ್ಟಿ ಬೂದಾಗುತ್ತಾ ಹೋದರೆ ಅದು ಕಪ್ಪಿನ ಮಟ್ಟ. ಅದನ್ನು ಮೂಲ ಅಂಕಿಗೆ ಮರಳಿಸಿ, ಮುಂದೆಂದೂ ಮುಟ್ಟಬೇಡಿ.

## ಹಂತ 5: ಹಗಲಿಗೊಂದು, ರಾತ್ರಿಗೊಂದು ಮೋಡ್ ಮಾಡಿಕೊಳ್ಳಿ

ಸೆನ್ಸರನ್ನು ಆರಿಸಿದ ಮೇಲೆ ಒಂದೇ ಅಂಕಿಯಲ್ಲಿ ದಿನವಿಡೀ ನೋಡುತ್ತೇನೆ ಎನ್ನುವುದು ಆಗದ ಮಾತು. ಕೋಣೆಯ ಬೆಳಕು ಪರದೆಯ ಮೇಲೆ ಬಿದ್ದು ಚದುರಿ ಕಣ್ಣಿಗೆ ಬರುತ್ತದೆ, ಆ ಬೆಳಕು ಚಿತ್ರದ ಕಪ್ಪಿನ ಮೇಲೆ ಕೂತುಕೊಳ್ಳುತ್ತದೆ. ಎಷ್ಟು ಎಂದು ಅಂದಾಜು ಮಾಡಲು ಒಂದು ಸೂತ್ರವಿದೆ:

```
L = E × R / π
```

`E` ಎಂದರೆ ಪರದೆಯ ಮೇಲೆ ಬೀಳುವ ಬೆಳಕು, ಲಕ್ಸ್‌ನಲ್ಲಿ; `R` ಎಂದರೆ ಪರದೆ ಅದರಲ್ಲಿ ಚದುರಿಸುವ ಪಾಲು; `L` ಎಂದರೆ ಕಪ್ಪಿನ ಮೇಲೆ ಕೂರುವ ಹೊಳಪು, ನಿಟ್‌ನಲ್ಲಿ. ಹಗಲು 300 ಲಕ್ಸ್ ಬೆಳಕು ಬಿದ್ದು ಪರದೆ ಅದರಲ್ಲಿ ನೂರಕ್ಕೆ ಒಂದು ಪಾಲು ಚದುರಿಸಿತೆಂದರೆ ಸುಮಾರು 1 ನಿಟ್ ಆಗುತ್ತದೆ. ರಾತ್ರಿ 10 ಲಕ್ಸ್ ಇದ್ದರೆ 0.03 ನಿಟ್ ಮಾತ್ರ. ಸಿನಿಮಾದ ಕತ್ತಲ ದೃಶ್ಯದಲ್ಲಿ ಕೋಟಿನ ಮಡಿಕೆ, ಕೂದಲಿನ ಎಳೆ ಇವೆಲ್ಲ 1 ನಿಟ್‌ಗಿಂತ ಕೆಳಗೇ ಇರುವುದುಂಟು. ಹಗಲಿನಲ್ಲಿ ಅವು ಮುಳುಗಿಹೋಗುತ್ತವೆ. ಸೆನ್ಸರ್ ಸರಿದೂಗಿಸಲು ಹೊರಟಿರುವುದು ಇದನ್ನೇ, ಅದರ ಉದ್ದೇಶದಲ್ಲಿ ತಪ್ಪಿಲ್ಲ. ರಾತ್ರಿಯ ಹೊತ್ತು ತೀರಾ ಕೆಳಗಿಳಿಯುವುದು ಮಾತ್ರ ಅದರ ಚಾಳಿ.

ಎರಡು ಪಿಕ್ಚರ್ ಮೋಡ್‌ಗಳನ್ನು ಆಯ್ದುಕೊಳ್ಳಿ. ಕೆಲವು ಟಿವಿಗಳಲ್ಲಿ `Expert` ಹೆಸರಿನಲ್ಲಿ ಬೆಳಕಿನ ಕೋಣೆಗೆ ಒಂದು, ಕತ್ತಲ ಕೋಣೆಗೆ ಒಂದು ಮೊದಲೇ ಇರುತ್ತವೆ. ಇಲ್ಲದಿದ್ದರೆ `Movie` ಮತ್ತು `Standard` ಮೋಡ್‌ಗಳನ್ನೇ ಬಳಸಬಹುದು. ರಾತ್ರಿಯದನ್ನು ಮೊದಲು ಹೊಂದಿಸಬೇಕು. ಸಾಮಾನ್ಯ, ಅಂದರೆ ಎಚ್‌ಡಿಆರ್ ಅಲ್ಲದ ಚಿತ್ರಗಳನ್ನು ಸ್ಟುಡಿಯೋಗಳಲ್ಲಿ ಮಬ್ಬು ಬೆಳಕಿನ ಕೋಣೆಯಲ್ಲಿ, ಬಿಳಿಯ ಹೊಳಪು 100 ನಿಟ್ ಇರುವ ಪರದೆಯ ಮೇಲೆ ನೋಡಿ ಅಂತಿಮಗೊಳಿಸುವುದು ವಾಡಿಕೆ. ಹೀಗಾಗಿ ರಾತ್ರಿ ಬಿಳಿ ಕಣ್ಣಿಗೆ ಚುಚ್ಚದೆ, ಕಾಗದದ ಬಿಳುಪಿನಂತೆ ಇದ್ದರೆ ಸಾಕು. ನಡುಮಟ್ಟದ ಛಾಯೆಗಳು ಎಷ್ಟು ಗಾಢವಾಗಿರಬೇಕೆಂದು ಹೇಳುವ ಗಾಮಾ ಆಯ್ಕೆ ಇದ್ದರೆ 2.4 ಕೊಡಿ. ಕತ್ತಲಲ್ಲಿ ಕನಿಷ್ಠ ಹದಿನೈದು ನಿಮಿಷ ಕಳೆದ ಮೇಲಷ್ಟೇ ತೀರ್ಮಾನ ಮಾಡಿ, ಏಕೆಂದರೆ ದೀಪದ ಬೆಳಕಿನಿಂದ ಈಗಷ್ಟೇ ಬಂದ ಕಣ್ಣಿಗೆ ಎಲ್ಲವೂ ಮಂಕೇ.

ಹಗಲಿನ ಮೋಡ್‌ಗೆ ಗಾಮಾ 2.2 ಇರಲಿ, ಬೆಳಕನ್ನು ನೆರಳಿನ ವಿವರ ಕಾಣುವಷ್ಟು ಏರಿಸಿ, ಬಣ್ಣದ ಅಂಕಿಗಳನ್ನು ರಾತ್ರಿಯ ಮೋಡ್‌ನಲ್ಲಿದ್ದಂತೆಯೇ ಇಡಿ. ಎರಡೂ ಮೋಡ್‌ಗಳ ಶಟರ್ ವೇಗವನ್ನು ಬೂದು ಚಿತ್ರದೊಂದಿಗೆ ಅಳೆದು ಹಾಳೆಯಲ್ಲಿ ಬರೆದಿಡಿ. ಈ ಅಳತೆಗಳನ್ನು ಮಾತ್ರ ಕತ್ತಲಲ್ಲೇ ಮಾಡಿ. ಹಗಲಿನಲ್ಲಿ ಪರದೆಯ ಮೇಲೆ ಚದುರಿದ ಬೆಳಕೂ ಕ್ಯಾಮೆರಾದೊಳಗೆ ಸೇರಿಬಿಡುತ್ತದೆ.

## ಹಂತ 6: ಸೆನ್ಸರನ್ನು ಉಳಿಸಿಕೊಳ್ಳುವುದಾದರೆ

ಮನೆಯಲ್ಲಿ ಎಲ್ಲರೂ ಮೋಡ್ ಬದಲಿಸುವ ಗೋಜಿಗೆ ಹೋಗುವುದಿಲ್ಲ ಎಂದಾದರೆ ಸೆನ್ಸರನ್ನು ಇಟ್ಟುಕೊಳ್ಳುವುದೇ ಸರಿಯಾದೀತು. ಹಲವು ಟಿವಿಗಳಲ್ಲಿ ಸೆನ್ಸರ್ ನಿಮ್ಮ ಅಂಕಿಯಿಂದ ಕೆಳಕ್ಕೆ ಮಾತ್ರ ಇಳಿಸಬಲ್ಲದು, ಮೇಲಕ್ಕೆ ಏರಿಸದು. ಅಂಥ ಟಿವಿಯಲ್ಲಿ ಅಂಕಿಯನ್ನು ದಿನದ ಅತಿ ಬೆಳಕಿನ ಹೊತ್ತಿನಲ್ಲಿ ನಿಗದಿ ಮಾಡಿ, ರಾತ್ರಿ `Minimum Brightness` ಅಥವಾ ಅದಕ್ಕೆ ಸಮನಾದ ಆಯ್ಕೆಯಿಂದ ಕೆಳಮಿತಿಯನ್ನು ಏರಿಸಬೇಕು. ರಾತ್ರಿಯೇ ಸ್ಲೈಡರ್ ಏರಿಸಿದರೆ ಹಗಲಿನ ಮಿತಿಯೂ ಏರಿಬಿಡುತ್ತದೆ. ಮೊದಲು ಹೇಳಿದ ಹಗ್ಗಜಗ್ಗಾಟ ಹುಟ್ಟುವುದು ಇಲ್ಲಿಯೇ.

ಎಚ್‌ಡಿಆರ್ ವಿಷಯ ಬೇರೆ. ಅಂಥ ಸಿನಿಮಾಗಳ ಸಿಗ್ನಲ್‌ನಲ್ಲಿ ಪ್ರತಿ ಅಂಕಿಗೂ ಇಂತಿಷ್ಟೇ ನಿಟ್ ಎಂದು ಗೊತ್ತುಪಡಿಸಿರುತ್ತಾರೆ, ಕತ್ತಲ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಹಗಲಿನಲ್ಲಿ ಅಂಥ ಸಿನಿಮಾ ಮಂಕಾಗಿ ಕಾಣುವುದು ಟಿವಿಯ ದೋಷವಲ್ಲ. ಡಾಲ್ಬಿ ವಿಷನ್ ಐಕ್ಯೂ ಎಂಬ ವ್ಯವಸ್ಥೆ ಸೆನ್ಸರಿನ ನೆರವಿನಿಂದ ನೆರಳಿನ ಭಾಗಗಳನ್ನು ಎತ್ತಿ ತೋರಿಸುತ್ತದೆ. ಹಗಲಿನಲ್ಲಿ ಸಿನಿಮಾ ನೋಡುವವರು ಇದನ್ನು ಆಫ್ ಮಾಡದಿರುವುದು ಒಳ್ಳೆಯದು.

## ಒಂದು ಮನೆಯಲ್ಲಿ ನಡೆದದ್ದು

ಸ್ನೇಹಿತರೊಬ್ಬರು ಒಎಲ್‌ಇಡಿ ಟಿವಿಯನ್ನು ಹಿಂದಿರುಗಿಸುವ ಹಂತಕ್ಕೆ ಬಂದಿದ್ದರು. ಟಿವಿಗೆ ಎದುರಾಗಿ ಪಶ್ಚಿಮದ ಕಿಟಕಿ. ಸಂಜೆ ನಾಲ್ಕಕ್ಕೆ ಚಿತ್ರ ಚೆನ್ನಾಗಿರುತ್ತದೆ, ಏಳರ ಹೊತ್ತಿಗೆ ಸಿನಿಮಾದಲ್ಲಿ ಮುಖವೇ ಕಾಣುವುದಿಲ್ಲ ಎಂಬುದು ಅವರ ದೂರು. ವಿದ್ಯುತ್ ಉಳಿತಾಯವನ್ನು ಅವರು ಆಗಲೇ ಆರಿಸಿದ್ದರು.

ನಾಲ್ಕು ಗಂಟೆಗೆ ಬೂದು ಚಿತ್ರದಲ್ಲಿ 1/60 ಬಂತು, ಟೇಪು ಹಚ್ಚಿ ಒಂದು ನಿಮಿಷದ ನಂತರವೂ 1/60. ಸಾಮಾನ್ಯ ಸಿಗ್ನಲ್‌ನಲ್ಲಿ ಸೆನ್ಸರ್ ಆರಿದೆ ಎಂದಾಯಿತು. ಅವರು ನೋಡುತ್ತಿದ್ದ ಸಿನಿಮಾವನ್ನು ಡಾಲ್ಬಿ ವಿಷನ್‌ನಲ್ಲಿ ಓಡಿಸಿ, ಬೂದು ಗೋಡೆಯೊಂದು ಪರದೆ ತುಂಬುವ ದೃಶ್ಯದಲ್ಲಿ ನಿಲ್ಲಿಸಿ ಅಳೆದಾಗ 1/60 ಇದ್ದದ್ದು ಟೇಪು ಹಚ್ಚಿದ ಮೇಲೆ 1/20ಕ್ಕೆ ಇಳಿಯಿತು. ಮೂರನೇ ಒಂದು ಪಾಲು ಹೊಳಪು ಮಾತ್ರ ಉಳಿದಿತ್ತು. ನಿಂತ ಚಿತ್ರದಿಂದಾದ ಇಳಿತ ಇರಬಹುದೆಂದು ಸಿನಿಮಾವನ್ನು ಓಡಿಸಿ ಮತ್ತೆ ಅದೇ ದೃಶ್ಯದಲ್ಲಿ ನಿಲ್ಲಿಸಿ ಅಳೆದೆ, ಆಗಲೂ 1/20. ಅಂದರೆ ಉಳಿತಾಯದ ಸ್ವಿಚ್ಚು ಆರಿದ್ದರೂ ಡಾಲ್ಬಿ ವಿಷನ್ ಮೋಡ್‌ನಲ್ಲಿ ಇನ್ನೊಂದು ಸ್ವಿಚ್ಚು ಸೆನ್ಸರನ್ನು ಬಳಸುತ್ತಲೇ ಇತ್ತು.

ಅದು ಸಿಕ್ಕ ಮೇಲೂ ಒಂದು ಪ್ರಶ್ನೆ ಉಳಿದಿತ್ತು. ಏಳು ಗಂಟೆಗೆ ಕೋಣೆಯಲ್ಲಿ ದೀಪ ಉರಿಯುತ್ತಿತ್ತು, ಪೂರ್ತಿ ಕತ್ತಲೆಯೇನೂ ಅಲ್ಲ. ಹಾಗಿದ್ದರೂ ಟಿವಿ ಅಷ್ಟು ಕೆಳಗಿಳಿದದ್ದೇಕೆ? ಬಗ್ಗಿ ನೋಡಿದರೆ ಸೌಂಡ್‌ಬಾರ್ ಸೆನ್ಸರಿನ ಕಿಂಡಿಯನ್ನು ಅರ್ಧಕ್ಕೂ ಹೆಚ್ಚು ಮರೆಮಾಡಿತ್ತು. ಮಧ್ಯಾಹ್ನದ ಕಿಟಕಿ ಬೆಳಕು ಆ ಸಂದಿಯಿಂದಲೂ ಸಾಕಷ್ಟು ಒಳಹೋಗುತ್ತಿತ್ತು, ಚಾವಣಿಯ ದೀಪದ ಬೆಳಕು ಹೋಗುತ್ತಿರಲಿಲ್ಲ. ಸೌಂಡ್‌ಬಾರನ್ನು ನಾಲ್ಕು ಬೆರಳು ಮುಂದಕ್ಕೆ ಎಳೆದು, ಟೇಪಿಲ್ಲದೆ ಅದೇ ದೃಶ್ಯವನ್ನು ರಾತ್ರಿ ಅಳೆದಾಗ 1/40 ಬಂತು. ಅವರಿಗೆ ಅಷ್ಟೇ ಸಾಕಾಯಿತು, ಸೆನ್ಸರನ್ನು ಆರಿಸಲು ಒಪ್ಪಲಿಲ್ಲ.

## ಹಂತ 7: ಮತ್ತೆ ಅಳೆಯಬೇಕಾದ ಸಂದರ್ಭಗಳು

ತಂತ್ರಾಂಶ ಅಪ್‌ಡೇಟ್ ಆದ ಮೇಲೆ ಸ್ವಿಚ್ಚುಗಳು ಮೂಲಸ್ಥಿತಿಗೆ ಮರಳಿರುವುದುಂಟು, ಹೊಸ ಹೆಸರಿನ ಸ್ವಿಚ್ಚೊಂದು ಸೇರಿರುವುದೂ ಉಂಟು. ಬರೆದಿಟ್ಟ ಹಾಳೆಯನ್ನು ತೆಗೆದು ಬೂದು ಚಿತ್ರವನ್ನು ಒಮ್ಮೆ ಅಳೆದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಪೀಠೋಪಕರಣ ಸರಿಸಿದಾಗ, ಸೆನ್ಸರಿನ ಎದುರಿಗೆ ಹೊಸ ದೀಪ ಬಂದಾಗಲೂ ಅಳೆಯಿರಿ.

ಅಳತೆ ಬದಲಾಗದೆ ನಿಮ್ಮ ಕಣ್ಣಿಗಷ್ಟೇ ಮಂಕಾಗಿ ಕಂಡರೆ ಟಿವಿಯನ್ನು ಮುಟ್ಟಬೇಡಿ. ಹಾಗೆಯೇ, ಹಗಲು ಮತ್ತು ರಾತ್ರಿ ತೆಗೆದ ಫೋಟೋಗಳನ್ನು ಆಯಾ ಹೊತ್ತಿನಲ್ಲೇ ಫೋನಿನಲ್ಲಿ ನೋಡಿ ಹೋಲಿಸಬೇಡಿ. ಫೋನಿಗೂ ಒಂದು ಬೆಳಕಿನ ಸೆನ್ಸರ್ ಇದೆ, ಅದೂ ತನ್ನ ಪರದೆಯನ್ನು ಸದ್ದಿಲ್ಲದೆ ಏರಿಳಿಸುತ್ತಿರುತ್ತದೆ. ಎರಡೂ ಫೋಟೋಗಳನ್ನು ಒಂದೇ ಕೂರುವಿಕೆಯಲ್ಲಿ, ಒಂದರ ಹಿಂದೊಂದು ತೆರೆದು ನೋಡಿ.